ಫೋಟೊ ಬೇಡವೆಂದವರ ಮನೆ

ಆಸ್ಪತ್ರೆಯ ಟ್ರಸ್ಟಿನವರಿಗೆ ಹೊಸ ಕಟ್ಟಡ ಬೇಕಿತ್ತು. ಆ ಕೆಲಸ ಸಿಕ್ಕರೆ ಮಾತ್ರ ಅಕ್ಕನ ಆಫೀಸು ಉಳಿಯುತ್ತಿತ್ತು. ಅವಳು ಆರ್ಕಿಟೆಕ್ಟ್. ತಾನು ಕಟ್ಟಿಸಿದ ಕಟ್ಟಡಗಳನ್ನು ಪರದೆಯ ಮೇಲೆ ತೋರಿಸುತ್ತ ಮಾತಾಡುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಪುಟ ತಿರುಗಿಸುವ ಕೆಲಸ ನನ್ನದು.

ಶಾಲೆ, ಕ್ಲಿನಿಕ್ಕು ಆದಮೇಲೆ ವಕೀಲರೊಬ್ಬರ ಮನೆ ಬಂತು. ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಸಾಫ್ಟ್‌ವೇರಿನಲ್ಲಿ ನೋಡಿಕೊಂಡೇ ಕಿಟಕಿ ಇಟ್ಟೆ ಎಂದು ಅಕ್ಕ ವಿವರಿಸಿದಳು.

"ಫೋಟೊ ಚೆನ್ನಾಗಿದೆ," ಎಂದರು ಅಧ್ಯಕ್ಷರು.

"ಫೋಟೊ ಅಲ್ಲ ಸಾರ್, ಕಟ್ಟೋಕೆ ಮುಂಚೆ ಕಂಪ್ಯೂಟರಲ್ಲಿ ಮಾಡಿದ ಚಿತ್ರ. ಚಿತ್ರ ತೋರಿಸಿ, ಫೋಟೊ ಬೇಡ ಅಂದಿದ್ದಾರೆ ಆ ಮನೆಯವರು."

"ಮನೆನೂ ಹೀಗೇ ಇದ್ಯಾ?"

"ಹೂಂ ಸಾರ್, ಹೀಗೇ ಇದೆ."

"ಮತ್ತೆ ಬಚ್ಚಿಟ್ಟಿದ್ದೇನಮ್ಮಾ? ಮುಸುಕು ಹಾಕ್ಕೊಂಡು ತನ್ನ ಹೆಸರು ತಾನೇ ಕೂಗಿದ ಹಾಗಾಯ್ತು!"

ಎಲ್ಲರೂ ನಕ್ಕರು. "ಮನೆ ಸೋರ್ತಿದೆಯೋ ಏನೋ," ಎಂದರು ಖಜಾಂಚಿ.

ಅಕ್ಕ ತಬ್ಬಿಬ್ಬಾದಳು. ಚಿತ್ರ ಆಗಬಹುದು, ಫೋಟೊ ಯಾಕೆ ಬೇಡ ಎಂದು ನನಗೂ ತಲೆಬುಡ ತಿಳಿಯಲಿಲ್ಲ. ಆ ಮನೆಯ ನಿಜವಾದ ಫೋಟೊಗಳು ಇದೇ ಲ್ಯಾಪ್‌ಟಾಪಿನಲ್ಲಿದ್ದವು. ಒಂದನ್ನು ತೆರೆದರೆ ಖಜಾಂಚಿಯ ಬಾಯಿ ಮುಚ್ಚುತ್ತಿತ್ತು. ಅಕ್ಕನ ಮುಖ ನೋಡಿದೆ. ಬೇಡವೆಂದು ತಲೆಯಾಡಿಸಿದಳು.

"ಅವರು ಒಪ್ಪಿದ್ರೆ ನಿಮ್ಮನ್ನೇ ಕರ್ಕೊಂಡು ಹೋಗಿ ತೋರಿಸ್ತೀನಿ ಸಾರ್. ಒಪ್ಪದಿದ್ರೆ ಇಲ್ಲ."

"ತಿಳಿಸ್ತೀವಿ," ಎಂದರು ಅಧ್ಯಕ್ಷರು. ಆ ದನಿಯಿಂದ ಏನೂ ಗೊತ್ತಾಗಲಿಲ್ಲ.

ನಾವು ಮೆಟ್ಟಿಲಿಳಿಯುವಾಗ ಖಜಾಂಚಿ ಏದುಸಿರು ಬಿಡುತ್ತ ಹಿಂದೆ ಬಂದರು.

"ಟ್ರಸ್ಟಿಂದು ನಾ ಹೇಳೋಕಾಗಲ್ಲ. ನಾವು ನಕ್ಕರೂ ಆ ಮನೆಯವರ ಮಾತು ನೀವು ಮೀರಲಿಲ್ಲ. ನಂದೇ ಒಂದು ಮನೆ ಆಗ್ಬೇಕು. ಯಾರಿಗೂ ಫೋಟೊ ತೋರಿಸೋದು ಬೇಡ, ಚಿತ್ರಾನೂ ಬೇಡ. ಆಗುತ್ತಾ?"

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

"ಆಗುತ್ತೆ ಸಾರ್," ಎಂದಳು, ಇನ್ನೂ ಗೊಂದಲದಲ್ಲೇ.