ಕುರ್ಚಿಯ ಎತ್ತರ ನಲವತ್ತೇಳು

ಇದು ನಡೆದದ್ದೇ. ಮಾನ ಹೋದವನು ನಾನೇ ಆದ್ದರಿಂದ ನಂಬಲು ಅಡ್ಡಿಯಿಲ್ಲ.

ಎಸ್ಬ್ಯಾರ್ಗ್ ಬಂದರಿನ ನಮ್ಮ ಕಚೇರಿ ಫೆರಿ ಹಡಗಿನ ಕಂಪನಿಗಳಿಗೆ ಟಿಕೆಟ್ ತಂತ್ರಾಂಶ ಮಾಡಿಕೊಡುತ್ತದೆ. ಆ ಸೋಮವಾರ ಸೇರಿದ ಮಾರ್ಯುನ್ ಫೆರೋ ದ್ವೀಪದ ತನ್ನ ಮನೆಯಿಂದಲೇ ಕೆಲಸ ಮಾಡುವವಳು. ಮುಖ್ಯಸ್ಥೆ ಬೋದಿಲ್ ವಿಡಿಯೋ ಕರೆಯಲ್ಲಿ ಎಪ್ಪತ್ತು ನಿಮಿಷ ಅವಳಿಗೆ ಎಲ್ಲವನ್ನೂ ವಿವರಿಸಿ, ಆಮೇಲೆ ನನ್ನತ್ತ ತಿರುಗಿದಳು.

"ಆಸ್ಗರ್, ರೆಕಾರ್ಡಿಂಗ್ ಕೇಳಿ ಒಂದು ಪುಟಕ್ಕೆ ಇಳಿಸು. ಯಾವ ದಿನ ಏನ್ಮಾಡ್ಬೇಕು, ಯಾರನ್ನ ಕೇಳ್ಬೇಕು. ಗುರುವಾರ ಗಿರಾಕಿ ಜೊತೆ ಅವಳ ಮೊದಲ ಮಾತುಕತೆ. ಅಷ್ಟೊತ್ತಿಗೆ ಲಾಗಿನ್ ಸಿಕ್ಕಿರ್ಬೇಕು. ಇಲ್ದಿದ್ರೆ ಪಾಪ, ಅವರ ಮುಂದೆ ಬಾಯ್ಬಿಟ್ಕೊಂಡು ಕೂರ್ತಾಳೆ."

ಕೂತು ಕೇಳಿದೆ. ಪ್ರತಿ ಸಾಲಿನ ಎದುರು ಬೋದಿಲ್ ಅದನ್ನು ಹೇಳಿದ ನಿಮಿಷವನ್ನೂ ಬರೆದೆ. ಮಂಗಳವಾರ ಮಧ್ಯಾಹ್ನದೊಳಗೆ ಲಾಗಿನ್‌ಗೆ ಅರ್ಜಿ, ಕೇಳಬೇಕಾದವರು ಹೆನಿಂಗ್, ಹದಿನಾಲ್ಕನೇ ನಿಮಿಷ. ಅರ್ಧ ದಾಟಿದ ಮೇಲೆ ಬೋದಿಲ್ ಗಂಟಲು ಸರಿಮಾಡಿಕೊಳ್ಳುವ ಚಂದಕ್ಕೆ ಮರುಳಾಗಿ, ಅವಳಂತೆಯೇ ಕೆಮ್ಮುವುದನ್ನು ಅಭ್ಯಾಸ ಮಾಡುತ್ತ ಕೂತೆ. ರೆಕಾರ್ಡಿಂಗ್ ತನ್ನ ಪಾಡಿಗೆ ಓಡಿತು. ಪುಟ ಸಪ್ಪೆ ಎನಿಸಿದ್ದರಿಂದ ಕೊನೆಗೆ ನನ್ನದೂ ಒಂದು ಸಾಲು ಸೇರಿಸಿದೆ: "ಮಂಗಳವಾರ: ಕುರ್ಚಿಯ ಎತ್ತರ ಅಳೆದು ಬೋದಿಲ್‌ಗೆ ತಿಳಿಸುವುದು." ಇದರ ಎದುರು ಮಾತ್ರ ನಿಮಿಷ ಬರೆಯಲಿಲ್ಲ. ಸುಳ್ಳಿಗೂ ಒಂದು ಮರ್ಯಾದೆ ಬೇಕಲ್ಲ. ಪುಟವನ್ನೂ ರೆಕಾರ್ಡಿಂಗನ್ನೂ ಅಂದೇ ಮಾರ್ಯುನ್‌ಗೆ ಕಳಿಸಿದೆ.

ಮಂಗಳವಾರ ಬೆಳಿಗ್ಗೆ ಫೋನ್ ಬಂತು. ಯಾರೆಂದು ನೋಡದೆ ಎತ್ತಿದೆ. ಮೊದಲು ಆ ಕೆಮ್ಮು. ಆಮೇಲೆ ಬೋದಿಲ್‌ಳ ರಾಗ ಎಳೆಯುವ ಧ್ವನಿ:

"ಆಸ್ಗರ್, ಹೊಸ ಹುಡುಗಿ ಕುರ್ಚಿ ನಲವತ್ತೇಳು ಸೆಂಟಿಮೀಟರ್ ಅಂತೆ. ಇದನ್ನ ನಾನ್ಯಾವಾಗ ಕೇಳ್ದೆ?"

ಎದ್ದು ನಿಂತೆ. "ಅದು… ಸುಮ್ನೆ ತಮಾಷೆಗೆ, ಬೋದಿಲ್."

"ಸರಿ. ಹೆನಿಂಗ್ ಇವತ್ತಿಂದ ರಜೆ, ಯೂಟೆನ ಕೇಳು ಅಂತ ಐವತ್ತೊಂದನೇ ನಿಮಿಷದಲ್ಲಿ ನಾನೇ ಹೇಳಿದ್ನಲ್ಲ, ಅದೂ ತಮಾಷೆನಾ?"

ಆ ನಿಮಿಷದಲ್ಲಿ ನಾನು ಕೆಮ್ಮುತ್ತಿದ್ದೆ. "ತಪ್ಪಾಯ್ತು, ಕ್ಷಮಿಸು," ಎನ್ನುತ್ತಿರುವಾಗಲೇ ಬಾಗಿಲು ದೂಡಿಕೊಂಡು ಬಂದವಳು ಬೋದಿಲ್. ಒಂದು ಕೈಯಲ್ಲಿ ಸೈಕಲ್ ಹೆಲ್ಮೆಟ್, ಇನ್ನೊಂದರಲ್ಲಿ ಬ್ರೆಡ್ಡಿನ ಪೊಟ್ಟಣ. ಫೋನ್ ಎಲ್ಲೂ ಇಲ್ಲ.

"ಯಾರ ಹತ್ರ ಕ್ಷಮೆ ಕೇಳ್ತಿದೀಯ?" ಎಂದಳು.

"ನಿನ್ನ ಹತ್ರ," ಎಂದು ಫೋನನ್ನು ಸ್ಪೀಕರಿಗೆ ಹಾಕಿದೆ.

"ನಾನು ಮಾರ್ಯುನ್," ಎಂದಿತು ಫೋನು, ಈಗ ಅವಳದೇ ಧ್ವನಿಯಲ್ಲಿ. "ಒಂದು ಸಾಲಿಗೆ ನಿಮಿಷ ಇರ್ಲಿಲ್ಲ. ಹಾಗಾದ್ರೆ ಮಿಕ್ಕಿದ್ದೂ ನಂಬೋದು ಹೇಗೆ ಅಂತ ಪೂರ್ತಿ ರೆಕಾರ್ಡಿಂಗ್ ಕೇಳ್ದೆ. ಎಪ್ಪತ್ತು ನಿಮಿಷದಲ್ಲಿ ಕೆಮ್ಮೂ ಕಲ್ತೆ. ಯೂಟೆಗೆ ಆಗ್ಲೇ ಬರೆದಿದೀನಿ, ನಾಳೆ ಲಾಗಿನ್ ಕೊಡ್ತಾರಂತೆ."

ಬೋದಿಲ್ ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡಳು. ಫೋನೂ ಸರಿಮಾಡಿಕೊಂಡಿತು. ಎರಡರಲ್ಲಿ ಯಾವುದು ಅಸಲಿಯೆಂದು ನನಗೇ ತಿಳಿಯಲಿಲ್ಲ. ಮೇಜಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ಇಬ್ಬರ ನಗು ನನ್ನ ನಗುವಿನಲ್ಲಿ ಕೇಳಿಸಲೇ ಇಲ್ಲ.