ಗಂಜಿ ಮಾಡಿದ್ದೇನೆ
ಎಂಬತ್ತೆರಡನೇ ಇಸವಿಯಲ್ಲಿ ಜಯನಗರದ ಸಂಜೆ ತರಗತಿಯೊಂದರಲ್ಲಿ ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುತ್ತಿದ್ದೆ. ಕೇರಳದ ನರ್ಸ್ ಏಲಿಯಮ್ಮ ‘ಮಾಡಿದ್ದೇನೆ’ ಅನ್ನಬೇಕಾದಲ್ಲೂ ‘ಮಾಡಿದೆ’ ಎನ್ನುತ್ತಿದ್ದಳು.

ಒಂದು ದಿನ ರೇಗಿಬಿಟ್ಟೆ. “ನಿನ್ನೆ ಸಾರು ಮಾಡಿದೆ ಅಂದ್ರೆ ಅದು ನಿನ್ನೆಯ ಮಾತು. ಸಾರು ಮಾಡಿದ್ದೇನೆ ಅಂದ್ರೆ, ಮಾಡಿದ ಸಾರು ಈಗ ಒಲೆ ಮೇಲಿದೆ, ಬಡಿಸಬಹುದು. ಎಷ್ಟು ಸಲ ಹೇಳಲಿ?”

ಅವಳು ಎರಡನ್ನೂ ಬರೆದುಕೊಂಡಳು.

ಮುಂದಿನ ವಾರ ನನಗೆ ಜ್ವರ ಬಂದು, ತರಗತಿಗೆ ಬರುವುದಿಲ್ಲವೆಂದು ಹೇಳಿಕಳಿಸಿದೆ. ಮನೆಯಲ್ಲಿ ಒಬ್ಬಳೇ ಮಲಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಏಲಿಯಮ್ಮ, ಕೈಯಲ್ಲಿ ಟಿಫನ್ ಕ್ಯಾರಿಯರ್.

“ಗಂಜಿ ಮಾಡಿದ್ದೇನೆ, ಟೀಚರ್.”

ಮುಚ್ಚಳ ತೆಗೆದರೆ ಇನ್ನೂ ಹಬೆಯಾಡುತ್ತಿತ್ತು. ಎರಡು ಗುಟುಕು ಕುಡಿಯುವಷ್ಟರಲ್ಲಿ ನನ್ನ ಕಣ್ಣು ತುಂಬಿತು.

“ಸರಿಯಾಗಿ ಹೇಳಿದ್ದೇನಾ?” ಎಂದು ಅಂಜುತ್ತಾ ಕೇಳಿದಳು.

ಅಲ್ಲಿಯವರೆಗೆ ಹದಿನಾಲ್ಕು ವರ್ಷ ‘ಕಲಿಸಿದೆ’ ಎಂದಷ್ಟೇ ಅಂದುಕೊಂಡಿದ್ದೆ. ‘ಕಲಿಸಿದ್ದೇನೆ’ ಎಂದು ಅವತ್ತು ಗೊತ್ತಾಯಿತು.