ತಿಳಿಸಲಾಗಿದೆ

"ಸ್ವಲ್ಪ ಜಾಗ ಬಿಡ್ರಪ್ಪ, ಜಾಗ ಬಿಡಿ" ಎನ್ನುತ್ತ ವಿಜ್ಞಾನದ ಟೀಚರ್ ಗೇಟಿನೊಳಗೆ ನುಗ್ಗಿದಳು. ಶಾಲೆಯ ಪರವಾಗಿ ತಂದ ದೊಡ್ಡ ಹೂವಿನ ಹಾರ ಎರಡೂ ತೋಳಿನ ಮೇಲಿತ್ತು. ದಾರಿ ಬಿಟ್ಟವರಲ್ಲಿ ಮೀಸೆ ಬಂದ ಗಂಡಸರಿದ್ದರು, ಕೂಸು ಎತ್ತಿಕೊಂಡ ಹೆಂಗಸರಿದ್ದರು, ಸಮವಸ್ತ್ರದಲ್ಲೇ ಬಂದ ಏಳನೇ ತರಗತಿಯವರಿದ್ದರು. ಎಲ್ಲರೂ ಒಂದಲ್ಲ ಒಂದು ವರ್ಷ ಗಣಿತದ ಟೀಚರ್ ಹತ್ತಿರ ಭಿನ್ನರಾಶಿ ಕಲಿತವರು. ಅವರಲ್ಲಿ ಮುಕ್ಕಾಲು ಪಾಲಿಗೆ ವಿಜ್ಞಾನ ಕಲಿಸಿದ್ದು ತಾನೇ. ಒಬ್ಬರಾದರೂ ಬಾಯಿ ತುಂಬಾ "ಮೇಡಂ" ಅನ್ನಬೇಡವೇ? ಊಹೂಂ. ಹಾರಕ್ಕೆ ದಾರಿ ಬಿಟ್ಟರು, ಅಷ್ಟೇ.

"ನೋಡಿದ್ಯಾ ಜನಾನ?" ಎಂದು ಹಿಂದೆ ಬರುತ್ತಿದ್ದ ಸಮಾಜದ ಟೀಚರಿಗೆ ಕಿವಿಯಲ್ಲಿ ಹೇಳಿದಳು. "ನಾವು ಹೋದಾಗ ನಾಲ್ಕು ಜನ ಬಂದ್ರೆ ಹೆಚ್ಚು."

"ಥೂ, ಬಿಡ್ತು ಅನ್ನು. ಸಾವಿನ ಮನೇಲೂ ನಿನಗೆ ಅದೇ ಯೋಚ್ನೆನಾ?"

ಅದೇ ಯೋಚನೆ. ಸುಳ್ಳು ಯಾಕೆ ಹೇಳಬೇಕು, ಇಪ್ಪತ್ತೆರಡು ವರ್ಷದಿಂದ ಅದೇ ಯೋಚನೆ.

ಒಳಗಿನ ಕೋಣೆಯಲ್ಲಿ ಗಣಿತದ ಟೀಚರ್ ಮಲಗಿದ್ದಳು. ಮೂರು ತಿಂಗಳ ಕಾಯಿಲೆ ಮುಖವನ್ನು ಸಣ್ಣದು ಮಾಡಿತ್ತು. ತಲೆದೆಸೆಯಲ್ಲಿ ಟೈಲರ್ ಗಂಡ ಕೂತಿದ್ದ. ಹೆಂಡತಿಯ ಸೀರೆಯ ಅಂಚನ್ನು ಬೆರಳಲ್ಲಿ ಸರಿಮಾಡುತ್ತಲೇ ಇದ್ದ. ಮಗಳು ಬಂದವರಿಗೆ ಕುರ್ಚಿ ಹಾಕುತ್ತಿದ್ದಳು. ಅವಳೂ ಹೋದ ವರ್ಷ ಬೇರೊಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿ ಸೇರಿದ್ದಳು.

ವಿಜ್ಞಾನದ ಟೀಚರ್ ಹಾರ ಇಟ್ಟು, ಕೈಮುಗಿದು, ಗೋಡೆಯ ಪಕ್ಕದ ಬೆಂಚಿನಲ್ಲಿ ಸಮಾಜದ ಟೀಚರ್ ಜೊತೆ ಕೂತಳು. ಅಳು ಬರಲಿಲ್ಲ. ಬರದಿದ್ದುದಕ್ಕೆ ಅವಳಿಗೇ ನಾಚಿಕೆಯಾಯಿತು.

* * *

ಗಣಿತದ ಟೀಚರ್ ಶಾಲೆಗೆ ಸೇರಿದ್ದು ವಿಜ್ಞಾನದ ಟೀಚರಿಗಿಂತ ಎರಡು ವರ್ಷ ತಡವಾಗಿ. ರೂಪವಂತೆ ಅಲ್ಲ, ಮಾತುಗಾರ್ತಿಯೂ ಅಲ್ಲ. ಬೋರ್ಡಿನ ಮೇಲೆ ದುಂಡಗೆ ಸೊನ್ನೆ ಬರೆಯುತ್ತಾಳೆಂದು ಮಕ್ಕಳು "ಸೊನ್ನೆ ಮೇಡಂ" ಅಂತ ಕರೆದರೆ ತಾನೂ ನಗುತ್ತಿದ್ದಳು. ಭಾನುವಾರ ಗಂಡನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಸುತ್ತ, ಲೆಕ್ಕ ಬಾರದ ಮಕ್ಕಳನ್ನು ಕೂರಿಸಿಕೊಂಡು ಪುಕ್ಕಟೆ ಹೇಳಿಕೊಡುತ್ತಿದ್ದಳು. ಅಷ್ಟಕ್ಕೇ ಮಕ್ಕಳು ಅವಳ ಹಿಂದೆ ಹಿಂದೆ.

ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಒಂದು ದಿನ ಊಟದ ತಟ್ಟೆಯ ಮುಂದೆ ಇವಳ ಮಗ, ಹೆತ್ತ ಮಗ, "ಅಮ್ಮಾ, ನೀನು ಹೇಳಿದ್ರೆ ತಲೆಗೆ ಹೋಗಲ್ಲ. ಸೊನ್ನೆ ಮೇಡಂ ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ?" ಅಂದುಬಿಟ್ಟ. ಇವಳು ತಟ್ಟೆ ಬಿಟ್ಟು ಎದ್ದಳು.

ಮರುದಿನದಿಂದ ಸ್ಟಾಫ್ ರೂಮಿನಲ್ಲಿ ಶುರುವಾಯಿತು. ಮೊದಲಿಗೆ ಸಣ್ಣ ಸಣ್ಣದು. ಉದ್ದನೆಯ ಮೇಜಿನ ಸುತ್ತ ಆರು ಕುರ್ಚಿ, ಆರೂ ತುಂಬಿರುತ್ತಿದ್ದವು. ಒಂದರಲ್ಲಿ ಯಾರೂ ಕೂತಿಲ್ಲದಿದ್ದರೆ ಯಾರದೋ ಚೀಲ ಇರುತ್ತಿತ್ತು. ಗಣಿತದ ಟೀಚರ್ ಬೀರುವಿನ ಪಕ್ಕದ ಪುಟ್ಟ ಮೇಜಿಗೆ ಹೋದಳು. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಹೊರಗೆ ಹೋದರೆ ನಗು ಬರುತ್ತಿತ್ತು. ಫೋನಿನಲ್ಲಿ ಅವಳೊಬ್ಬಳನ್ನು ಬಿಟ್ಟು ಹೊಸ ಗುಂಪು ಹುಟ್ಟಿತು. ಹುಟ್ಟುಹಬ್ಬದ ಶುಭಾಶಯಕ್ಕೆ ಅಂತ ಮಾಡಿದ ಗುಂಪಿನಲ್ಲಿ ಬರಬರುತ್ತ ಪರೀಕ್ಷಾ ಮೇಲ್ವಿಚಾರಣೆಯ ಪಟ್ಟಿ, ಮೀಟಿಂಗಿನ ಸಮಯ ಎಲ್ಲವೂ ಬಂತು. ಎರಡು ಮೀಟಿಂಗಿಗೆ ಗಣಿತದ ಟೀಚರ್ ಬರಲೇ ಇಲ್ಲ. "ಏನು ಕೊಬ್ಬು ನೋಡಿ ಸಾರ್" ಎಂದು ಹೆಡ್ ಮಾಸ್ಟರ್ ಮುಂದೆ ಸಮಾಜದ ಟೀಚರ್ ಒಗ್ಗರಣೆ ಹಾಕಿದಳು.

ಆಮೇಲೆ ರಿಜಿಸ್ಟರಿನ ವಿಷಯ. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ ಯಾರು ತೆಗೆದುಕೊಳ್ಳಬೇಕೆಂದು ಬರೆಯುವ ಪುಸ್ತಕ ಅದು. ಟೈಮ್ ಟೇಬಲ್ ವಿಜ್ಞಾನದ ಟೀಚರ್ ಕೈಯಲ್ಲಿತ್ತು. ಅವಳು ಹೆಸರು ಬರೆಯಬೇಕು, ಪುಸ್ತಕ ಆ ಟೀಚರ್ ಹತ್ತಿರ ಹೋಗಬೇಕು, ಅವರು ಸಹಿ ಹಾಕಬೇಕು. ಪುಸ್ತಕ ಉದ್ದನೆಯ ಮೇಜನ್ನು ಸುತ್ತಿ ಬರುತ್ತಿತ್ತು, ಪುಟ್ಟ ಮೇಜಿನವರೆಗೆ ಹೋಗುತ್ತಿರಲಿಲ್ಲ. ಅವತ್ತು ಐದನೇ ಪೀರಿಯಡ್, ಆರನೇ ತರಗತಿ. ಗಣಿತದ ಟೀಚರ್ ಹೆಸರಿನ ಮುಂದೆ, ಸಹಿ ಇರಬೇಕಾದ ಜಾಗದಲ್ಲಿ, ವಿಜ್ಞಾನದ ಟೀಚರ್ ತಾನೇ "ತಿಳಿಸಲಾಗಿದೆ" ಎಂದು ಬರೆದಳು. ತಿಳಿಸಿರಲಿಲ್ಲ. ಒಂದು ಪೀರಿಯಡ್ ತಪ್ಪಿ ಅವಳಿಗೆ ಬೈಗುಳ ಬೀಳಲಿ ಅನ್ನುವಷ್ಟೇ ಆಸೆ. ಟೀಚರ್ ಇಲ್ಲದ ತರಗತಿಯಲ್ಲಿ ಬೆಂಚಿನ ಮೇಲೆ ಕುಣಿದ ಹುಡುಗಿ ಬಿದ್ದು ಮುಂಗೈ ಮುರಿದುಕೊಂಡಳು. ನೋಟಿಸು ಹೋದದ್ದು ಗಣಿತದ ಟೀಚರಿಗೆ.

ಆ ವಾರವೇ ಶಾಲೆಯ ಗೇಟಿನಲ್ಲಿ ಇಬ್ಬರು ತಾಯಂದಿರ ಜೊತೆ ನಿಂತಾಗ ವಿಜ್ಞಾನದ ಟೀಚರ್ ಬಾಯಿಂದ ಮಾತು ಜಾರಿತು. ಜಾರಿತು ಎಂದು ಆಮೇಲೆ ಎಲ್ಲರಿಗೂ ಹೇಳಿದಳು. ನಿಜವಾಗಿ ಅವಳೇ ಬಿಟ್ಟದ್ದು. "ಭಾನುವಾರ ಆ ಅಂಗಡಿಗೆ ಹೋದೋರಿಗೆ ಮಾತ್ರ ಅಷ್ಟೊಂದು ಮಾರ್ಕ್ಸ್ ಹೇಗೆ ಬರುತ್ತೋ? ಪ್ರಶ್ನೆ ಪೇಪರ್ ತೆಗೆಯೋರೂ ಅವರೇ ಅಲ್ವಾ? ನಾನೇನೂ ಹೇಳಲ್ಲಪ್ಪ."

* * *

ಗಣಿತದ ಟೀಚರ್ ಕೂಗಾಡಲಿಲ್ಲ, ಅಳಲೂ ಇಲ್ಲ. ದಿನಾಂಕ ಸಮೇತ ಎರಡು ಪುಟದ ದೂರು ಬರೆದು ಹೆಡ್ ಮಾಸ್ಟರ್ ಕೈಗೆ ಕೊಟ್ಟಳು. ದೂರಿನ ಪ್ರತಿ ವಿಜ್ಞಾನದ ಟೀಚರಿಗೆ ಬಂತು. ಏಳು ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಆಮೇಲೆ ಮೂವರ ಸಮಿತಿ: ಹೆಡ್ ಮಾಸ್ಟರ್, ಆಡಳಿತ ಮಂಡಳಿಯವರೊಬ್ಬರು, ಹೊರಗಿನ ಶಾಲೆಯ ಒಬ್ಬ ಹಿರಿಯ ಟೀಚರ್. ಒಬ್ಬೊಬ್ಬರನ್ನೇ ಕರೆದು ಕೇಳಿದರು, ಹೇಳಿಕೆ ಓದಿಸಿ ಸಹಿ ತೆಗೆದುಕೊಂಡರು.

"ನಾವೇನು ಮಾಡಿದ್ವಿ? ಅವರ ಜೊತೆ ಕೂತು ಟೀ ಕುಡೀಲಿಲ್ಲ, ಅದೂ ತಪ್ಪಾ?" ಎಂದು ವಿಜ್ಞಾನದ ಟೀಚರ್ ಜೋರು ಮಾಡಿದಳು.

ಹೊರಗಿನ ಟೀಚರ್ ಕನ್ನಡಕ ತೆಗೆದರು. "ತಪ್ಪಲ್ಲಮ್ಮ. ಸ್ನೇಹ ಮಾಡಿ ಅಂತ ಆರ್ಡರ್ ಹೊರಡ್ಸೋಕೆ ಆಗಲ್ಲ. ಟೀ ಯಾರ ಜೊತೆ ಬೇಕಾದ್ರೂ ಕುಡೀರಿ. ಆದ್ರೆ ಮೀಟಿಂಗ್ ಇದೆ ಅನ್ನೋದು ನಿಮ್ಮ ಮನೆ ವಿಷಯ ಅಲ್ಲ, ಶಾಲೆ ವಿಷಯ. ಅದನ್ನ ಬೇಕಂತಲೇ ಒಬ್ಬರಿಂದ ಮುಚ್ಚಿಟ್ರೆ, ಅದೂ ಮತ್ತೆ ಮತ್ತೆ, ಅದು ದುರ್ನಡತೆ. ರಿಜಿಸ್ಟರಲ್ಲಿ ಸುಳ್ಳು ಬರೆದಿದ್ದೀರಿ, ಮಗು ಕೈ ಮುರ್ಕೊಂಡಿದೆ. ಪೇಪರ್ ವಿಷಯಕ್ಕೆ ಏನಾದ್ರೂ ಆಧಾರ ಇದೆಯಾ?"

"ಎಲ್ಲರೂ ಆಡ್ಕೋತಿದ್ರು..."

"ಎಲ್ಲರೂ ಅಂದ್ರೆ ಯಾರು? ಒಂದು ಹೆಸರು ಹೇಳಿ."

ಆ ಇಬ್ಬರು ತಾಯಂದಿರು ಬರೆದುಕೊಟ್ಟಿದ್ದರು: ನಮಗೆ ಹೇಳಿದ್ದು ವಿಜ್ಞಾನದ ಮೇಡಂ.

ಮೀಟಿಂಗು, ರಿಜಿಸ್ಟರು, ಪೇಪರಿನ ಮಾತು, ಮೂರೂ ಸಾಬೀತಾದವು. ವಿಜ್ಞಾನದ ಟೀಚರ್ ಸೇವಾ ಪುಸ್ತಕದಲ್ಲಿ ಛೀಮಾರಿ ಬಿತ್ತು, ಟೈಮ್ ಟೇಬಲ್ ಕೈತಪ್ಪಿತು, ಗಣಿತದ ಟೀಚರಿಗೆ ಕೊಟ್ಟ ನೋಟಿಸು ವಾಪಸ್ಸಾಯಿತು. ಗಣಿತದ ಟೀಚರ್ ಕೇಳಿದ್ದು ಒಂದೇ: "ಪೇಪರ್ ವಿಷಯ ಸುಳ್ಳು ಅಂತ ಪೋಷಕರಿಗೆ ಒಂದು ಪತ್ರ ಕಳಿಸಿ ಸಾರ್."

"ಆರಿದ ಬೆಂಕೀನ ಯಾಕಮ್ಮ ಕೆದಕ್ತೀರಿ? ವಿಚಾರಣೆ ಗೋಪ್ಯ. ತಾನಾಗೇ ತಣ್ಣಗಾಗುತ್ತೆ" ಎಂದರು ಹೆಡ್ ಮಾಸ್ಟರ್.

ಆ ಗೋಪ್ಯ ಎಂಬ ಮಾತಿನ ಕೆಳಗೆ ವಿಜ್ಞಾನದ ಟೀಚರ್ ಒಂಬತ್ತು ವರ್ಷ ಬೆಚ್ಚಗೆ ಕೂತಿದ್ದಳು. ಗಣಿತದ ಟೀಚರ್ ಭಾನುವಾರದ ಪಾಠವನ್ನು ಅವತ್ತೇ ನಿಲ್ಲಿಸಿದ್ದಳು.

* * *

"ಪಾಪ, ಒಳ್ಳೆಯವರೇ. ಆದ್ರೆ ಪೇಪರ್ ಮೊದಲೇ ಹೇಳ್ಬಿಡ್ತಿದ್ರಂತೆ. ಅದಕ್ಕೇ ನೋಡಿ, ಮಕ್ಕಳಿಗೆ ಇಷ್ಟು ಪ್ರೀತಿ."

ಬೆಂಚಿನ ಆ ತುದಿಯಲ್ಲಿ ಕೂತ ಹೆಂಗಸು ಪಕ್ಕದವಳಿಗೆ ಹೇಳಿದ್ದು. ವಿಜ್ಞಾನದ ಟೀಚರಿಗೆ ಅವಳ ಮುಖವೂ ಗೊತ್ತಿರಲಿಲ್ಲ. ಕುರ್ಚಿ ಹಿಡಿದು ಬರುತ್ತಿದ್ದ ಮಗಳು ಅಲ್ಲೇ ನಿಂತಳು.

"ಆಂಟಿ, ಇದು ನಿಮಗೆ ಯಾರು ಹೇಳಿದ್ದು?"

ಹೆಂಗಸಿನ ಮುಖ ಬಿಳಿಚಿತು. "ಅಯ್ಯೋ, ನನಗೇನು ಗೊತ್ತಮ್ಮ... ನಮ್ಮ ಓರಗಿತ್ತಿ ಹೇಳಿದ್ಲು. ಶಾಲೆಯೋರೇ ಹೇಳಿದ್ದಂತೆ."

"ನನ್ನ ಶಾಲೇಲೂ ಕೇಳಿದ್ರು. ಕೆಲಸಕ್ಕೆ ಸೇರಿದ ಮೊದಲನೇ ವಾರ. ನಿಮ್ಮಮ್ಮನ ಥರ ಪೇಪರ್ ಹಂಚಬೇಡಮ್ಮ ಅಂತ ನಗ್ತಾ ಹೇಳಿದ್ರು." ಮಗಳು ಅಮ್ಮನ ಕಡೆ ತಿರುಗಿದಳು. "ಅಮ್ಮಂಗೆ ಹೇಳ್ಲಿಲ್ಲ ನಾನು. ಅಮ್ಮ ಹಾಗೆ ಮಾಡಿದ್ರಾ ಅಂತ ಕೇಳೋಕೂ ಆಗ್ಲಿಲ್ಲ. ಈಗ ಯಾರನ್ನ ಕೇಳ್ಲಿ?"

ಟೈಲರ್ ತಲೆ ಎತ್ತಿದ. ಕೋಣೆಯಲ್ಲಿದ್ದವರೆಲ್ಲ ಶಾಲೆಯ ಇಬ್ಬರು ಟೀಚರ್‌ಗಳ ಕಡೆ ನೋಡಿದರು. ಸಮಾಜದ ಟೀಚರ್ ಸೆರಗಿನ ಮರೆಯಲ್ಲಿ ಇವಳ ತೊಡೆ ಚಿವುಟಿದಳು. "ಬಾಯಿ ಮುಚ್ಕೊಂಡಿರು. ಅದೆಲ್ಲ ಗೋಪ್ಯ."

ಈಗ ಸುಮ್ಮನಿದ್ದರೆ ಆಯಿತು. ಹೆಣದ ವ್ಯಾನು ಹೊರಡುತ್ತದೆ, ಮಾತೂ ಅದರ ಜೊತೆ ಹೋಗುತ್ತದೆ. ಹೇಳಿದರೆ ಸತ್ತವಳು ಇನ್ನೂ ದೊಡ್ಡವಳಾಗುತ್ತಾಳೆ, ತಾನು ಇನ್ನೂ ಸಣ್ಣವಳು. ಆ ಹೊತ್ತಿನಲ್ಲೂ ಅವಳಿಗೆ ಅದು ಉರಿಯಿತು. ಆದರೆ ಈ ಹುಡುಗಿ ತಾಯಿಯನ್ನೇ ಅನುಮಾನಿಸುತ್ತಿದ್ದಾಳೆ.

"ನಾನು ಹೇಳಿದ್ದು" ಎಂದು ಎದ್ದು ನಿಂತಳು. "ನಾನೇ ಕಟ್ಟಿದ ಸುಳ್ಳು ಅದು. ವಿಚಾರಣೆಯಾಗಿ ನನಗೇ ಛೀಮಾರಿ ಹಾಕಿದ್ರು. ನಿಮ್ಮಮ್ಮ ಒಂದು ಪ್ರಶ್ನೇನೂ ಯಾರಿಗೂ ಹೇಳಿದವರಲ್ಲ."

"ಯಾಕೆ ಮೇಡಂ?"

"ಹೊಟ್ಟೆಕಿಚ್ಚು ಕಣಮ್ಮ. ಇನ್ನೇನು?"

ಟೈಲರ್ ಮುಖ ತಿರುಗಿಸಿದ. ಮಗಳು ಕಣ್ಣೊರೆಸಿಕೊಂಡು, ಹಿಡಿದಿದ್ದ ಕುರ್ಚಿಯನ್ನು ಕೆಳಗಿಟ್ಟಳು.

"ಇಲ್ಲಿ ನಾವು ಎಂಟೇ ಜನ ಇದ್ದೀವಿ. ಆ ಮಾತು ಎಂಟು ಜನಕ್ಕೆ ಹೋಗಿದ್ದಲ್ಲ. ಹೊರಗೆ ನಿಂತಿದ್ದಾರಲ್ಲ, ಅವರಿಗೂ ಹೇಳಿ. ಅಮ್ಮನ್ನ ಎತ್ತೋದ್ರೊಳಗೆ ಹೇಳಿ."

ವಿಜ್ಞಾನದ ಟೀಚರ್ ಹೊರಗೆ ಬಂದಳು. ಬಿಸಿಲು ಸುಡುತ್ತಿತ್ತು. ಬಾಗಿಲ ಹತ್ತಿರದ ಗುಂಪಿಗೆ ಹೇಳಿದಳು. ಮಾತು ತಡವರಿಸಿತು. ಅವರು ಕಣ್ಣರಳಿಸಿ ಕೇಳಿದರು. ನೀರಿನ ತೊಟ್ಟಿಯ ಪಕ್ಕದ ಗುಂಪಿಗೆ ಹೇಳಿದಳು. ಅಲ್ಲಿ ಕೆಲವರಿಗೆ ಆಗಲೇ ಗೊತ್ತಾಗಿತ್ತು. ಅವಳು ಗೇಟಿನ ಕಡೆ ನಡೆಯುತ್ತಿದ್ದಂತೆ ತಲೆಗಳು ತಲೆಗಳ ಹತ್ತಿರ ಬಾಗಿ, ಪಿಸುಪಿಸು ಅವಳಿಗಿಂತ ಮುಂದೆ ಓಡಿತು.

ಒಳಗಿನಿಂದ ಗಣಿತದ ಟೀಚರನ್ನು ಎತ್ತಿ ತಂದರು. ವ್ಯಾನಿನ ಬಾಗಿಲು ತೆರೆಯಿತು. ಗೇಟಿನಾಚೆ ರಸ್ತೆಯಲ್ಲಿ ನಿಂತ ಕೊನೆಯ ಗುಂಪಿನ ಹತ್ತಿರ ಇವಳು ತಲುಪುವಷ್ಟರಲ್ಲಿ, ಕೂಸು ಎತ್ತಿಕೊಂಡ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕದವಳ ಕಿವಿ ಕಚ್ಚುತ್ತಿದ್ದಳು.

"ಇವರೇ ಕಣೇ, ವಿಜ್ಞಾನದ ಮೇಡಂ. ಇಷ್ಟು ವರ್ಷ ಪೇಪರ್ ಮೊದಲೇ ಹೇಳ್ತಿದ್ದೋರು ಇವರೇ ಅಂತೆ. ಈಗ ತಾನೇ ಒಳಗೆ ಅವರೇ ಒಪ್ಕೊಂಡ್ರಂತೆ."

"ಅಲ್ಲಮ್ಮ, ಹಾಗಲ್ಲ..." ಎಂದು ವಿಜ್ಞಾನದ ಟೀಚರ್ ಕೈ ಎತ್ತಿದಳು. ವ್ಯಾನು ಹೊರಟಿತು. ಇಡೀ ರಸ್ತೆ ಬೆನ್ನು ತಿರುಗಿಸಿ ಅದರ ಹಿಂದೆ ನಡೆಯಿತು.